ನಿದ್ದೆ ಕಲಿಸಿದವಳು

ಒಂದೂರಲ್ಲಿ ಮಕ್ಕಳಿಗೆ ನಿದ್ದೆ ಕಲಿಸುವ ಹೆಂಗಸೊಬ್ಬಳಿದ್ದಳು. ಊರು ಸಿಂಗಸಂದ್ರ, ಅವಳ ಹೆಸರು ವೆಂಕಟಲಕ್ಷ್ಮಿ. ಮೊಲೆ ಕುಡಿಯುವ ಮಗಳನ್ನು ತವರೂರು ಮಾಕಳಿಯಲ್ಲಿ ಅವ್ವನ ಹತ್ತಿರ ಬಿಟ್ಟು, ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಉಮಾಶ್ರೀಯ ಮಗನನ್ನು ನೋಡಿಕೊಳ್ಳುತ್ತಿದ್ದಳು.

“ಎಂಥಾ ಗಲಾಟೆಗೂ ಇವನು ಏಳ್ದಂಗೆ ಮಾಡು, ಅವತ್ತೇ ಊರಿಗೆ ಕಳಿಸ್ತೀನಿ” ಎಂದಿದ್ದಳು ಉಮಾಶ್ರೀ.

ವೆಂಕಟಲಕ್ಷ್ಮಿ ತೊಟ್ಟಿಲನ್ನು ರಸ್ತೆ ಕಡೆಯ ಕಿಟಕಿಯಿಂದ ಒಳಕೋಣೆಗೆ ಸರಿಸಿದಳು. ಫ್ಯಾನಿನ ಒಂದೇ ಸಮನಾದ ಸದ್ದು, ದಿನವೂ ಅದೇ ಲಾಲಿ. ಹಗಲಲ್ಲಿ ಮಾತುಕತೆ, ಪಾತ್ರೆ ಸದ್ದು ಯಾವುದನ್ನೂ ತಡೆಯಲಿಲ್ಲ. ಮಗು ಮಿಸುಕಿದರೆ ಎತ್ತದೆ, ಎದೆಯ ಮೇಲೆ ಮೆಲ್ಲಗೆ ಕೈಯಿಟ್ಟು ಕಾಯುತ್ತಿದ್ದಳು.

ದೀಪಾವಳಿಯ ಸಂಜೆ ಕೆಳಗೆ ಪಟಾಕಿ ಸರ ಸಿಡಿಯಿತು. ಮಗು ಮಿಸುಕಲಿಲ್ಲ.

“ಮಲಗವ್ನೆ ಮೇಡಂ. ಒರಡ್ಲಾ?”

“ನಾಳೆ ನೆಂಟರು ಬರ್ತಾರೆ ಕಣೆ. ನಿನ್ ಮಗಳೇನು ಓಡಿಹೋಗ್ತಾಳಾ? ತೆವಳೋಕೂ ಬರಲ್ಲ” ಎಂದು ಉಮಾಶ್ರೀ ನಕ್ಕಳು.

ಅಷ್ಟರಲ್ಲಿ ಅವ್ವನ ಫೋನು ಬಂತು. “ಪಟಾಕಿಗೆ ಬೆಚ್ಚಿ ಬೀಳ್ತಾವ್ಳೆ ಕಣವ್ವ, ನಿನ್ ದನಿಯಾದ್ರೂ ಕೇಳ್ಲಿ.” ವೆಂಕಟಲಕ್ಷ್ಮಿ ಫೋನಿಗೇ ಲಾಲಿ ಹಾಡಿದಳು. ಆ ಕಡೆ ಮಗಳ ಚೀರಾಟ ನಿಲ್ಲಲಿಲ್ಲ. ಹೊರಗೆ ಹೋಗಲೆಂದು ಎದ್ದಳು.

“ಇಲ್ಲೇ ಇರು” ಎಂದಳು ಉಮಾಶ್ರೀ, “ಸ್ಪೀಕರ್ ಹಾಕು. ಇದಕ್ಕೂ ಏಳಲ್ವಾ ನೋಡೋಣ.”

ಮಾಕಳಿಯ ಅಳು ಕೋಣೆ ತುಂಬಿತು. ಮಗು ಏಳಲಿಲ್ಲ.