ಎಡಗೈಯ ಕೆಲಸ

ಟೇಲರ್ ಉತ್ತಪ್ಪವನ್ನು ಅಂಚಿನಿಂದ ತಿನ್ನುವವನಲ್ಲ. ತಟ್ಟೆ ಮುಂದೆ ಬಂದ ಕೂಡಲೇ ಚಮಚದ ಹಿಡಿಯನ್ನು ನಡುಮಧ್ಯಕ್ಕೆ ಚುಚ್ಚಿ, ಹೊರಗೆಳೆದು, ಬೆಳಕಿಗೆ ಹಿಡಿದು ನೋಡುತ್ತಾನೆ. ದಿನವಿಡೀ ಸೂಜಿ ಹಿಡಿಯುವ ಕೈ, ತಿಂಡಿಯ ಮುಂದೆ ಮಾತ್ರ ಸುಮ್ಮನಿರುತ್ತದೆಯೇ? ಆ ತಿಂಡಿ ಅಂಗಡಿಯಲ್ಲಿ ಅವನಿಗೆ ಚುಚ್ಚಪ್ಪ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಅವನೂ ಅದಕ್ಕೆ ಓಗೊಡುತ್ತಿದ್ದ.

ಆ ಬೆಳಿಗ್ಗೆ ಚಮಚದ ಹಿಡಿಗೆ ಹಸಿ ಹಿಟ್ಟು ಅಂಟಿಕೊಂಡು ಬಂತು.

"ಸೊಸೆಯಮ್ಮ, ಅಂಚು ನಾನು ತಿಂತೀನಿ. ನಡುವಿನ ಹಿಟ್ಟಲ್ಲಿ ನೀವು ಇನ್ನೊಂದು ಹುಯ್ಕೊಳ್ಳಿ" ಎಂದ.

ಒಲೆಯ ಮುಂದೆ ನಿಂತಿದ್ದ ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕಾವಲಿಯ ಮುಂದೆ ಇಷ್ಟು ವರ್ಷ ನಿಂತವರು ಅವಳ ಮಾವ. ಈಗ ಅವರ ಕಣ್ಣಿನ ಪೊರೆ ತೆಗೆದಿದ್ದರು. ಕಣ್ಣು ಪೂರ್ತಿ ವಾಸಿಯಾಗುವವರೆಗೆ ಒಲೆಯ ಝಳ, ಹೊಗೆ ಎರಡೂ ಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮಾವ ಒಪ್ಪಿದ್ದರು, ಆದರೆ ಒಂದು ಕೊಕ್ಕೆ ಇಟ್ಟುಕೊಂಡೇ. "ಉತ್ತಪ್ಪ ಒಂದೇ ಒಂದು ವಾಪಸ್ ಬಂದ್ರೂ ನಾನೇ ಬಂದು ನಿಲ್ತೀನಿ. ಕಣ್ಣು ನಂದು, ಕಾವಲಿನೂ ನಂದು" ಎಂದಿದ್ದರು. ಹೇಳಿದ್ದನ್ನು ಮಾಡುವ ಆಸಾಮಿ. ಹಾಗಾಗಿ ಸೊಸೆಗೆ ಉತ್ತಪ್ಪದ ನಡು ಬೇಯುವುದೆಂದರೆ ಮಾವನ ಕಣ್ಣು ಉಳಿಯುವುದು ಎಂದೇ ಆಗಿತ್ತು.

ಅವಳೇನೂ ಅರಿಯದವಳಲ್ಲ. ಮದುವೆಯಾಗಿ ಬಂದಾಗಿನಿಂದ ತಟ್ಟೆ ಕೊಡುವ ಕಟ್ಟೆಯ ಈಚೆ ನಿಂತು ಮಾವ ಮಾಡುವುದನ್ನು ಕಣ್ತುಂಬ ನೋಡಿದ್ದಳು. ಕಾವಲಿಗೆ ನೀರು ಚಿಮುಕಿಸಿದರೆ ಚುರ್ರೆನ್ನಬೇಕು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಒರೆಸಬೇಕು. ಸ್ವಲ್ಪ ಹುಳಿ ಬಂದ ಗಟ್ಟಿ ಹಿಟ್ಟನ್ನು ಹುಯ್ದು, ದೋಸೆಯ ಹಾಗೆ ಎಳೆಯದೆ, ಸೌಟಿನ ಬೆನ್ನಿಂದ ಒಂಚೂರು ಸರಿಸಿ ದಪ್ಪಗೆ ಬಿಡಬೇಕು. ಹಿಟ್ಟು ಹಸಿಯಿರುವಾಗಲೇ ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ತಿರುಳು ತೆಗೆದ ಟೊಮೆಟೊ ಉದುರಿಸಿ ಮೆಲ್ಲಗೆ ಒತ್ತಬೇಕು, ಸುತ್ತ ಎಣ್ಣೆ ಬಿಟ್ಟು ಮುಚ್ಚಬೇಕು. ಇದಿಷ್ಟನ್ನೂ ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಆದರೂ ತಳ ಕೆಂಪಾಗುವಷ್ಟರಲ್ಲಿ ನಡು ಹಸಿಯಾಗಿಯೇ ಇರುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಮುಚ್ಚಿಟ್ಟರೆ ತಳ ಇದ್ದಿಲಾಗುತ್ತಿತ್ತು. ತೆಳ್ಳಗೆ ಹುಯ್ದರೆ ಟೇಲರ್, "ದೋಸೆ ಯಾರು ಕೇಳಿದ್ರು?" ಎನ್ನುತ್ತಿದ್ದ.

"ಮಾವನಿಗೆ ಹೇಳಬೇಡಿ" ಎಂದು ಅವಳು ಕೇಳಿಕೊಂಡಳು.

"ನಾನ್ಯಾಕೆ ಹೇಳಲಿ?" ಎಂದ ಟೇಲರ್. ಆದರೆ ಅವನ ಹೊಟ್ಟೆಯಲ್ಲಿ ತಿಂಡಿ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಸಂಜೆ ಗೆಳೆಯನ ಕಣ್ಣು ವಿಚಾರಿಸಲು ಮನೆಗೆ ಬಂದವನು, ಕಾಫಿ ಲೋಟ ಕೆಳಗಿಡುವುದರೊಳಗೆ ಎಲ್ಲವನ್ನೂ ಒದರಿ ಹೋದ.

ಅಂಗಡಿ ಮುಚ್ಚಿ ಸೊಸೆ ಮನೆಗೆ ಬಂದಾಗ ಮಾವ ಏಪ್ರನ್ ಹುಡುಕುತ್ತಿದ್ದರು. ಒಂದು ಕಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ, ಇನ್ನೊಂದರಲ್ಲಿ ಹಟ.

"ನಾಳೆಯಿಂದ ನಾನು ಬರ್ತೀನಮ್ಮ."

ಅವಳಿಗೆ ಹೆದರಿಕೆಯಾಯಿತು, ಸಿಟ್ಟೂ ಬಂತು. "ಬರೋದು ಆಮೇಲೆ ಮಾವ. ಮೊದಲು ನಾನೆಲ್ಲಿ ತಪ್ಪಿದೆ ಹೇಳಿ."

"ಮುಚ್ಚಬೇಕು, ಬೇಯೋ ತನಕ ಬಿಡಬೇಕು. ಅದರಲ್ಲೇನಿದೆ ಹೇಳೋಕೆ?"

"ಎಷ್ಟು ಹೊತ್ತು?"

"ಬೇಯೋಷ್ಟು ಹೊತ್ತು."

ತಲೆ ಚಚ್ಚಿಕೊಳ್ಳುವ ಬದಲು ಅವಳು ಊಟದ ಮೇಜಿನ ಮೇಲೆ ಒಂದು ತಟ್ಟೆ ಬೋರಲು ಹಾಕಿದಳು. "ಇದೇ ಕಾವಲಿ. ಮುಚ್ಚಳ ಅಂಗಡಿಯಲ್ಲಿರೋ ಹಾಗೇ ಕೆಳಗೆ ಸ್ಟೂಲ್ ಮೇಲಿದೆ ಅಂದ್ಕೊಳ್ಳಿ. ಹೇಳಬೇಡಿ, ಮಾಡಿ ತೋರಿಸಿ." ಹೇಳಿ, ಈ ಸಲ ಎದುರಿಗೆ ನಿಲ್ಲದೆ ಮಾವನ ಪಕ್ಕಕ್ಕೇ ಬಂದು ನಿಂತಳು.

ಮಾವನಿಗೆ ಮೊದಲು ನಾಚಿಕೆ, ಆಮೇಲೆ ಉಮೇದು. ಇಲ್ಲದ ನೀರನ್ನು ಚಿಮುಕಿಸಿದರು, ಇಲ್ಲದ ಹಿಟ್ಟು ಹುಯ್ದರು, ಇಲ್ಲದ ಈರುಳ್ಳಿಯನ್ನು ನಡುವೆ ಗುಡ್ಡೆ ಹಾಕದೆ ಅಂಚಿನವರೆಗೂ ಹರಡಿದರು. ಮುಚ್ಚಳಕ್ಕೆಂದು ಬಗ್ಗಿದರು. ಬಲಗೈ ಮುಚ್ಚಳ ಎತ್ತಿತು. ಅದೇ ಗಳಿಗೆಯಲ್ಲಿ ಎಡಗೈ ಮೇಜಿನ ಅಂಚಿನ ಕೆಳಗೆ ಗಾಳಿಯನ್ನು ಹಿಡಿದು ಒಂದು ಸಲ ತಿರುವಿತು.

"ಮಾವ, ಎಡಗೈ ಏನು ಮಾಡ್ತು?"

"ಎಡಗೈಯಾ? ಏನೂ ಇಲ್ಲವಲ್ಲ."

"ಇನ್ನೊಂದ್ಸಲ ಮಾಡಿ."

ಮಾಡಿದರು. ಎಡಗೈ ಮತ್ತೆ ತಿರುವಿತು. ಒಲೆಯ ನಾಬ್ ಇರುವ ಜಾಗವೇ ಅದು. ಮುಚ್ಚಳಕ್ಕೆ ಬಗ್ಗಿದಾಗಲೆಲ್ಲ ಮಾವ ಉರಿ ಸಣ್ಣ ಮಾಡುತ್ತಿದ್ದರು. ಕಟ್ಟೆಯ ಈಚೆ ನಿಂತವಳಿಗೆ ಬಗ್ಗಿದ ಬೆನ್ನು ಕಂಡಿತ್ತೇ ಹೊರತು ಆ ಕೈ ಎಂದೂ ಕಂಡಿರಲಿಲ್ಲ. ಮಾಡುತ್ತಿದ್ದವರಿಗೂ ಅದು ಗೊತ್ತಿರಲಿಲ್ಲ. ಮಾವ ತಮ್ಮ ಎಡಗೈಯನ್ನು ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿಕೊಂಡರು.

"ಸರಿ, ಮುಚ್ಚಿದಿರಿ. ಆಮೇಲೆ?"

"ಆಮೇಲೇನು, ಕಟ್ಟೆ ಒರೆಸ್ತಾ ಕೂತವರ ಹತ್ರ ನಾಲ್ಕು ಮಾತಾಡೋದು." ಎಂದವರೇ ಮಾತಿನ ಜಾಡಿಗೆ ಬಿದ್ದರು. "ನಮ್ಮ ಭಾವಮೈದುನ ಛತ್ರಿ ಕಳಕೊಂಡಿದ್ದ ಗೊತ್ತಾ? ಕ್ಷೌರದಂಗಡಿಯಲ್ಲಿ ಹುಡುಕಿದ, ಇಲ್ಲ. ಬೀಗರ ಮನೆಗೆ ಹೋಗಿ ಜಗಳ ಆಡಿದ, ಇಲ್ಲ. ಕಡೆಗೆ ನೋಡಿದ್ರೆ ಅವನ ಮೊಣಕೈಗೇ ನೇತಾಡ್ತಿದೆ." ಹೇಳಿ ಮುಗಿಸಿ, ತಟ್ಟೆಯ ಮೇಲಿನ ಇಲ್ಲದ ಮುಚ್ಚಳ ತೆಗೆದರು. ಕಥೆ ಮುಗಿಯುವುದಕ್ಕೂ ಮುಚ್ಚಳ ಏಳುವುದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಆ ಹಳಸಲು ಕಥೆಯನ್ನು ಅವಳು ಎಷ್ಟು ಸಲ ಕೇಳಿದ್ದಳೋ! ಮುದುಕರ ಹರಟೆ, ಕೆಲಸ ಕೆಡಿಸುತ್ತದೆ ಎಂದುಕೊಂಡು, ತನ್ನ ಸರದಿ ಬಂದಾಗ ಬಾಯಿ ಮುಚ್ಚಿಕೊಂಡು ಚಕಚಕನೆ ಮುಚ್ಚಳ ತೆಗೆದು ನೋಡುತ್ತಿದ್ದಳು. ತೆಗೆದಾಗಲೆಲ್ಲ ಹಬೆ ಓಡಿಹೋಗುತ್ತಿತ್ತು.

"ಛತ್ರಿ ನಿಮ್ಮ ಕೈಯಲ್ಲೇ ಇತ್ತಲ್ಲ ಮಾವ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗು ಮುಗಿದ ಮೇಲೆ ಮಾವನ ಮುಖ ಸಪ್ಪಗಾಯಿತು. ಏಪ್ರನ್ನನ್ನು ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡರು.

"ಹಾಗಾದ್ರೆ ನಾನು ಬರೋ ಅಗತ್ಯ ಇಲ್ಲ ಅನ್ನು."

ಅವಳಿಗೆ ಆಗ ಅರ್ಥವಾಯಿತು. ಇವರಿಗೆ ಹಟವಿದ್ದದ್ದು ಉತ್ತಪ್ಪದ ಮೇಲಲ್ಲ. ತಾವಿಲ್ಲದೆಯೂ ಅಂಗಡಿ ನಡೆದುಬಿಟ್ಟರೆ ಎಂಬ ಭಯಕ್ಕೆ ಇವರು ಕಣ್ಣನ್ನೇ ಪಣಕ್ಕಿಟ್ಟಿದ್ದರು.

"ಎಡಗೈ ಕೆಲಸ ನನಗೆ ಬಂತು ಮಾವ. ಬಾಯಿ ಕೆಲಸ ಬರಲ್ಲ. ಅದಕ್ಕೆ ನೀವೇ ಬರಬೇಕು."

ಮರುದಿನ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಪ್ಪು ಕನ್ನಡಕ ಹಾಕಿ, ಒಲೆಯಿಂದ ದೂರ, ಬಾಗಿಲ ಪಕ್ಕ ಗಾಳಿ ಬರುವ ಮೇಜಿನಲ್ಲಿ ಟೇಲರನ ಎದುರು ಕುಳಿತರು. ಸೊಸೆ ಹಿಟ್ಟು ಹುಯ್ದಳು, ಈರುಳ್ಳಿ, ಟೊಮೆಟೊ ಹರಡಿ ಒತ್ತಿದಳು, ಸುತ್ತ ಎಣ್ಣೆ ಬಿಟ್ಟಳು. ಬಗ್ಗಿ ಉರಿ ಸಣ್ಣ ಮಾಡಿ ಮುಚ್ಚಿದಳು.

"ಮಾವ, ಮುಚ್ಚಿದೆ" ಎಂದು ಕೂಗಿದಳು.

"ನಮ್ಮ ಭಾವಮೈದುನ ಛತ್ರಿ ಕಳಕೊಂಡಿದ್ದ ಗೊತ್ತಾ?" ಎಂದು ಮಾವ ಶುರು ಮಾಡಿದರು.

"ಗೊತ್ತಿಲ್ಲ, ಹೇಳು" ಎಂದ ಟೇಲರ್. ಆ ಸುಳ್ಳಿಗೆ ಅವನಿಗೆ ಪುಣ್ಯ ಬರಲಿ.

ಕ್ಷೌರದಂಗಡಿ ಬಂತು, ಬೀಗರ ಮನೆಯ ಜಗಳ ಬಂತು. ಮುಚ್ಚಳ ತೆಗೆಯಲು ಅವಳ ಕೈ ಎರಡು ಸಲ ತುರಿಸಿತು, ಎರಡು ಸಲವೂ ತಡೆದಳು. ಛತ್ರಿ ಮೊಣಕೈಯಲ್ಲಿ ಸಿಕ್ಕಿದಾಗ ತೆಗೆದಳು. ಮೇಲಿನ ಹಸಿ ಹೊಳಪು ಹೋಗಿ ಮೈತುಂಬ ಸಣ್ಣ ತೂತುಗಳೆದ್ದಿದ್ದವು. ಎಲ್ಲರ ಮನೆ ದೋಸೆಯೂ ತೂತೇ ನಿಜ, ಆದರೆ ಈ ತೂತುಗಳಷ್ಟು ಚಂದದವನ್ನು ಅವಳು ನೋಡಿರಲಿಲ್ಲ. ಮಗುಚಿ ಹಾಕಿ, ಉರಿ ಸ್ವಲ್ಪ ಏರಿಸಿ, ಮುಚ್ಚದೆ ಈರುಳ್ಳಿ ಕೆಂಪಾಗುವಷ್ಟು ಬಿಟ್ಟು, ತಟ್ಟೆಗೆ ಜಾರಿಸಿದಳು.

ಟೇಲರ್ ಚುಚ್ಚಿದ. ಎಳೆದ. ಬೆಳಕಿಗೆ ಹಿಡಿದ. ಹಿಡಿಗೆ ಏನೂ ಅಂಟಿರಲಿಲ್ಲ.

ಅವನು ನಡುವಿನಿಂದ ಅಂಚಿನವರೆಗೂ ತಿಂದ. ತಟ್ಟೆ ಖಾಲಿಯಾದ ಮೇಲೆ, "ಸೊಸೆಯಮ್ಮ, ಇನ್ನೊಂದು ಹಾಕಿ" ಎಂದು ಕೂಗಿ, ಗೆಳೆಯನ ಕಡೆ ತಿರುಗಿದ. "ನೀನೂ ಇನ್ನೊಂದು ಹೇಳು. ಛತ್ರಿದಾದ್ರೂ ಪರವಾಗಿಲ್ಲ, ಆದ್ರೆ ಅರ್ಧಕ್ಕೆ ಬಿಡಬೇಡ. ನನಗೆ ನಡು ಬೆಂದಿರಬೇಕು."

ಮಾವ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಸೊಸೆಯ 'ಮುಚ್ಚಿದೆ' ಎಂಬ ಕೂಗಿಗಾಗಿ ಕಾದರು.