ಕಡೇ ಸಾಲಿನ ಮದುಮಕ್ಕಳು

ಮುಂಡರಗಿಯ ಸಾಮೂಹಿಕ ವಿವಾಹದ ಫೋಟೊಗಳನ್ನು ಸ್ಟುಡಿಯೊ ಮಾಲೀಕ ಮನೋಹರ ಒಂದೇ ಏಟಿಗೆ ತಿದ್ದಿ ಮುಗಿಸಿದ್ದ. ವೇದಿಕೆಯ ಮೇಲೆ ದೀಪ ವಿಪರೀತವಿದ್ದುದರಿಂದ ಅಲ್ಲಿಯ ಒಂದು ಫೋಟೊದ ಬೆಳಕು ಇಳಿಸಿ, ಅದೇ ಸೆಟ್ಟಿಂಗನ್ನು ಉಳಿದ ಎಲ್ಲವಕ್ಕೂ ಹಾಕಿಬಿಟ್ಟಿದ್ದ. ಭಾಷಣ ಮಾಡಿದವರು ಚೆನ್ನಾಗಿಯೇ ಬಂದಿದ್ದರು. ಪೆಂಡಾಲಿನ ಅಂಚಿನಲ್ಲಿ, ಬಿಸಿಲಿಗೆ ಬೆನ್ನು ಮಾಡಿ ಕುಳಿತ ಕಡೇ ಸಾಲಿನ ಜೋಡಿಗಳ ಮುಖ ಮಾತ್ರ ಬಾಸಿಂಗದ ಕೆಳಗೆ ಬರೀ ಕಪ್ಪು.

ಬೆಟಗೇರಿಯ ಆ ಸ್ಟುಡಿಯೊದಲ್ಲಿ ಎಡಿಟಿಂಗ್ ಮಾಡುವ ಕಲ್ಪನಾ, ಪೆನ್‌ಡ್ರೈವ್‌ಗೆ ಹಾಕುವ ಮುನ್ನ ಅದನ್ನು ಕಂಡಳು.

"ಅಣ್ಣಾರ, ಇವನ್ನ ಹಿಂಗಾ ಕೊಡಾಕ ಬರೂದಿಲ್ರಿ."

"ಗೊತ್ತೈತಿ. ಆದ್ರ ಮದುವಿ ಕಮಿಟಿ ಪ್ರಭುಲಿಂಗ ಈಗ ಬರ್ತಾನ. ಕಮಿಟಿಯವರಿಗೆ ಬೇಕಾದದ್ದು ಸ್ಟೇಜಿನ ಫೋಟೊ. ಹಿಂದ ಕುಂತವರನ್ನ ಯಾರು ನೋಡ್ತಾರ?"

"ಅವರಾ ನೋಡ್ತಾರ. ನಂದೂ ಸಾಮೂಹಿಕ ಮದುವೀನಾ. ಫೋಟೊದಾಗ ಮಾರಿ ಕಾಣೂದಿಲ್ಲ, ನಾ ಯಾವಾಕಿ ಅಂತ ನನ್ನ ಮಗಳಿಗೆ ಸೀರಿ ತೋರಿಸಿ ಹೇಳಬೇಕು."

ಅವನು ಉತ್ತರ ಕೊಡುವ ಮೊದಲೇ ಅವಳು ಅವನು ತಿದ್ದಿದ್ದನ್ನೆಲ್ಲ ಅಳಿಸಿ ಎಲ್ಲ ಫೋಟೊಗಳನ್ನೂ ಮೊದಲಿನ ಸ್ಥಿತಿಗೆ ತಂದುಬಿಟ್ಟಳು.

"ಏನ್ ಮಾಡಿದ್ಯವಾ!" ಮನೋಹರ ಎದ್ದು ನಿಂತ.

ಕಲ್ಪನಾ ಮತ್ತೆ ಮೊದಲಿನಿಂದ ಶುರುಮಾಡಿದಳು. ಪೆಂಡಾಲಿನ ಕೆಂಪು ಬಟ್ಟೆಯ ಕೆಳಗೆ ತೆಗೆದವನ್ನೆಲ್ಲ ಒಟ್ಟಿಗೆ ಆರಿಸಿ, ಆ ಕೆಂಪು ಛಾಯೆಯನ್ನು ಒಂದೇ ಸಲಕ್ಕೆ ತೆಗೆದಳು. ಅದನ್ನು ಎಲ್ಲಕ್ಕೂ ಹಂಚುವ ಸಿಂಕ್ ಒತ್ತುವ ಮುನ್ನ, ಬೆಳಕೂ ಹಂಚಿಹೋಗದಂತೆ ಎಕ್ಸ್‌ಪೋಜರ್ ಪಕ್ಕದ ಟಿಕ್ ಗುರುತು ಅಳಿಸಿದಳು. ಬಣ್ಣ ಎಲ್ಲರಿಗೂ ಒಂದೇ ಇರಲಿ, ಬೆಳಕು ಅವರವರ ಮುಖಕ್ಕೆ ತಕ್ಕಷ್ಟು. ಆಮೇಲೆ ಒಂದೊಂದಾಗಿ ತೆರೆದಳು. ತೆಗೆದದ್ದು ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಹಿಡಿದಿಡುವ ರಾ ಫೈಲ್ ಆಗಿದ್ದರಿಂದ ಕತ್ತಲಲ್ಲಿ ಮುಖಗಳು ಉಳಿದಿದ್ದವು. ಮುಖದ ಮೇಲಷ್ಟೇ ಬೆಳಕು ಏರಿಸಿ, ಹಿಂದಿನ ಬಿಸಿಲನ್ನು ತಗ್ಗಿಸಿದಂತೆ ಒಬ್ಬ ಹುಡುಗಿಯ ಮೂಗುತಿ ಕಂಡಿತು, ಪಕ್ಕದ ವರನ ಅಂಜಿದ ನಗು ಕಂಡಿತು.

ಒಂದರಲ್ಲಿ ಫ್ಲ್ಯಾಶ್ ಬಡಿದು ವಧುವಿನ ಹಣೆ, ಕೆನ್ನೆ ಬೆಳ್ಳಗೆ ಸುಟ್ಟುಹೋಗಿದ್ದವು. ಎಷ್ಟು ಇಳಿಸಿದರೂ ಬೂದಿಬಣ್ಣವೇ. ಅವಳು ಅದನ್ನು ಬಿಟ್ಟು, ಅದೇ ಜೋಡಿಯ ಇನ್ನೊಂದು ಫೋಟೊ ಹುಡುಕಿದಳು.

ಅಷ್ಟರಲ್ಲಿ ಕಮಿಟಿಯ ಪ್ರಭುಲಿಂಗ ಬಂದ. "ಆತೇನವಾ? ಕೊಡು ಜಲ್ದಿ."

"ಆಗಿಲ್ರಿ. ಕುಂಡ್ರಿ."

"ಸ್ಟೇಜಿಂದಷ್ಟಾ ಕೊಡು, ಸಾಕು. ಭಾಷಣ ಮಾಡಿದ ಸಾಹೇಬ್ರು ಕಾಯಾಕತ್ತಾರ."

"ಮದುವಿ ಸಾಹೇಬ್ರದಲ್ಲ. ಕೊಟ್ರ ಎಲ್ಲಾ ಕೊಡ್ತೀನಿ, ಇಲ್ಲಾಂದ್ರ ಒಂದೂ ಇಲ್ಲ."

ಪ್ರಭುಲಿಂಗ ಮಾಲೀಕನತ್ತ ತಿರುಗಿದ. "ಏನಪಾ ಮನೋಹರ, ನಿನ್ನ ಅಂಗಡ್ಯಾಗ ಯಾರ ಮಾತು ನಡೀತೈತಿ?"

ಮನೋಹರ ಪರದೆಯನ್ನು ನೋಡುತ್ತಿದ್ದ. ಆ ಕಡೇ ಸಾಲನ್ನು ಬಿಸಿಲಿಗೆ ಮುಖ ಮಾಡಿ ನಿಂತು ತೆಗೆದವನು ಅವನೇ. ಖುರ್ಚಿ ಎಳೆದುಕೊಂಡು ಇನ್ನೊಂದು ಕಂಪ್ಯೂಟರ್ ಮುಂದೆ ಕುಳಿತ.

"ಅರ್ಧ ಫೋಟೊ ನನಗ ಹಾಕವಾ," ಎಂದ.

ಪ್ರಭುಲಿಂಗ ಗೊಣಗುತ್ತ ಬಾಗಿಲಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ಕುತೂಹಲ ತಡೆಯದೆ ಹತ್ತಿರ ಬಂದು ಬಗ್ಗಿ ನೋಡಿದ.

"ಸಾಹೇಬ್ರ ಮಾರಿ ಇನ್ನಷ್ಟು ಬೆಳ್ಳಗ ಮಾಡಬಾರದೇನು?"

"ಇದ್ದಂಗ ಐತ್ರಿ," ಎನ್ನುತ್ತ ಕಲ್ಪನಾ ಮುಂದಿನ ಜೋಡಿಯ ಫೋಟೊ ತೆರೆದಳು.