ಬಾಗಿಲ ಹಿಂದಿನ ಮೂರು ಬಣ್ಣ

"ಅದು ಗಿಡದ ಹಸರಲೇ ಸುಮಂತ, ಗೋಡೀದಲ್ಲ. ಬಣ್ಣ ತಿದ್ದಿದ ಮನಷ್ಯಾನೇ ಬಾಯಿ ಬಿಟ್ಟು ಹೇಳ್ಯಾನ. ಇನ್ನ ನಡುವ ನಿಂದೇನು?"

ವಿವೇಕಾನಂದ ಹೀಗೆಂದು ಗೇರು ಬದಲಿಸಿದ. ಕಾರು ಕಲಬುರಗಿ ದಾಟಿ ಹುಮನಾಬಾದ ರಸ್ತೆ ಹಿಡಿದು ಹತ್ತು ನಿಮಿಷವಾಗಿತ್ತು. ಸುಮಂತ ಕಿಟಕಿಯಾಚೆ ನೋಡುತ್ತಿದ್ದ. ತೊಗರಿ ಹೊಲದ ಮೇಲೆ ಒಂಬತ್ತು ಗಂಟೆಯ ಬಿಸಿಲು ಚಪ್ಪಟೆಯಾಗಿ ಬಿದ್ದಿತ್ತು. ನೆರಳಿಗೆ ಇನ್ನೊಂದಿಷ್ಟು ನೀಲಿ ಬೇಕಿತ್ತು ಅನ್ನಿಸಿತು. ಹೊಲ ನೋಡಿದಾಗ ಜನಕ್ಕೆ ಏನೇನೋ ಅನ್ನಿಸುತ್ತದೆ, ಅವನಿಗೆ ಇದು.

ಸುಮಂತ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾನೆ. ಸಿನಿಮಾ ನೋಡುವುದನ್ನು ಯಾರೂ ಅವನಿಗೆ ಹೇಳಿಕೊಡಲಿಲ್ಲ. ಇಪ್ಪತ್ತು ವರ್ಷ ನಿಲ್ಲಿಸಿ ನಿಲ್ಲಿಸಿ ನೋಡಿ ತಾನೇ ಕಲಿತ. ಸೂಪರ್ ಮಾರ್ಕೆಟ್ ಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಹದಿನೈದು ಮಂದಿ ಸೇರುತ್ತಾರೆ. ಚಿತ್ರ ಮುಗಿದ ಮೇಲೆ ಸುಮಂತ ಮಾತಾಡುತ್ತಾನೆ, ಉಳಿದವರು ಮಿರ್ಚಿ ಭಜಿ ತಿನ್ನುತ್ತಾರೆ. ಕಾಲೇಜು ದಿನಗಳ ಗೆಳೆಯ ವಿವೇಕಾನಂದ, ನೆಹರು ಗಂಜಿನ ಬೇಳೆ ವ್ಯಾಪಾರಿ, ಭಜಿಯನ್ನೂ ತಿನ್ನುತ್ತಾನೆ, ವಾದವನ್ನೂ ಮಾಡುತ್ತಾನೆ.

ಹೋದ ತಿಂಗಳ ವಾದ 'ಬಂದಾತ' ಎಂಬ ಏಳು ಕಂತಿನ ಧಾರಾವಾಹಿಯದು. ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿನ ಕಥೆ. ಗಲಾಟೆಯಲ್ಲಿ ಕಾಣೆಯಾದ ಗಂಡ ವರ್ಷದ ಮೇಲೆ ಮನೆಗೆ ಬರುತ್ತಾನೆ. ಗಡ್ಡ ಬೆಳೆದಿದೆ, ದನಿ ಒಡೆದಿದೆ. ಊರು ಅವನೇ ಅನ್ನುತ್ತದೆ. ಹೆಂಡತಿ ಏನೂ ಅನ್ನುವುದಿಲ್ಲ. ಕೊನೆಯ ಕಂತಿನವರೆಗೂ ಅವನು ಗಂಡ ಹೌದೋ ಅಲ್ಲವೋ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಗೋಡೆ ಹೇಳುತ್ತದೆ ಅಂದಿದ್ದ ಸುಮಂತ. ಮೊದಲ ಕಂತುಗಳಲ್ಲಿ ಮಲಗುವ ಕೋಣೆಯ ಗೋಡೆ ನೀಲಿ ಹಾಕಿದ ಸುಣ್ಣದ್ದು. ಬಂದಾತ ಒಳಗೆ ಕಾಲಿಟ್ಟ ಮೇಲೆ ಅದೇ ಗೋಡೆ ಹಸಿರು, ಅದೂ ಕೂದಲೆಳೆಯಷ್ಟು. ಹಳೆಯ ಕಾಲ ಅಂದರೆ ಇಡೀ ಚಿತ್ರಕ್ಕೆ ಚಹಾದ ಬಣ್ಣ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಇವರು ಹಾಗೆ ಮಾಡಿಲ್ಲ, ಗೋಡೆಯನ್ನೇ ಬದಲಿಸಿದ್ದಾರೆ. ಆದ್ದರಿಂದ ಅವನು ಗಂಡನಲ್ಲ.

ಕೋಣೆಯಲ್ಲಿ ಒಬ್ಬನಿಗೂ ಹಸಿರು ಕಂಡಿರಲಿಲ್ಲ. ಯಾರೋ ಮುಂಬಯಿಯ ಕಲರಿಸ್ಟಿಗೆ ಬರೆದು ಕೇಳಿದರು. ಚಿತ್ರೀಕರಣ ಮುಗಿದ ಮೇಲೆ ಬಣ್ಣ ತಿದ್ದಿ ಹೊಂದಿಸುವವನು ಅವನೇ. ಉತ್ತರ ಒಂದೇ ಸಾಲು: ಹೊರಗಿನ ಗಿಡದ ಹಸಿರು ಒಳಗೆ ಬಿದ್ದಿತ್ತು, ನಾನು ಪೂರ್ತಿ ತೆಗೆಯಲಿಲ್ಲ, ಅರ್ಥವೇನೂ ಇಲ್ಲ.

ಎಲ್ಲರೂ ನಕ್ಕಿದ್ದರು. ಪ್ರೀತಿಯಿಂದಲೇ. ಸುಮಂತನೂ ನಕ್ಕಿದ್ದ. ಆಮೇಲೆ ಮೂರು ವಾರ ಸರಿಯಾಗಿ ಊಟ ಸೇರಿರಲಿಲ್ಲ. ಆ ಹಸಿರು ಗೋಡೆಯದಲ್ಲದಿದ್ದರೆ, ಗೋಡೆಯ ಹಸಿರು ಇದ್ದದ್ದು ತನ್ನ ತಲೆಯೊಳಗೆ. ಹಾಗಾದರೆ ಇಪ್ಪತ್ತು ವರ್ಷ ನೋಡಿದ್ದೂ ಅಲ್ಲೇ. ಧಾರಾವಾಹಿ ತೆಗೆದ ಕಮಲಾಪುರದ ಮನೆಗೆ, ಆ ಗೋಡೆಯನ್ನೇ ನೋಡಲು, ಈಗ ಹೊರಟದ್ದು ಅದಕ್ಕೇ.

"ಹೇಳಲಾ. ಬಾಯಾಗ ಬ್ಯಾಳಿ ಇಟ್ಟಗೊಂಡಿ ಏನು?"

"ಚಿತ್ರದಾಗ ಕಟ್ಟಿ ಮ್ಯಾಲ ಚಹಾ ಕುಡಿಯೂ ಬಿಳಿ ಬಸಿ ಅದ. ಇಡೀ ಚಿತ್ರಕ್ಕ ಹಸರು ಹತ್ತಿದ್ರ ಬಸಿಗೂ ಹತ್ತಬೇಕಲ್ಲ? ಬಸಿ ಬೆಳ್ಳಗೇ ಅದ. ನೀ ಬ್ಯಾಳಿ ಬಣ್ಣ ನೋಡೂವಾಗ ಬಿಳಿ ಬಟ್ಟಿ ಮ್ಯಾಲ ಯಾಕ ಸುರೀತಿ?"

"ಗೋಡಿ ಒಂದ ಹಿಡದು ತಿದ್ದತಾರಂತ. ಕಂಪ್ಯೂಟರಿನ್ಯಾಗ ನೀಲಿ ಆರಿಸೂದು, ಹಸರು ಮಾಡೂದು. ನಾನೂ ಓದೀನಪಾ."

"ಆ ಹೆಂಡ್ತಿ ಸೀರಿ ಅಂಚೂ ನೀಲಿ ಅದ. ಗೋಡಿ ನೀಲಿ ಹಿಡದ್ರ ಅಂಚೂ ಸಿಗತದ. ಅಂಚು ನೀಲೀನೇ ಉಳದದ."

"ಅಂಚಿನ ಸುತ್ತ ಗೆರಿ ಕೊರದು ಬಿಟ್ಟಿರತಾರ."

"ಒಪ್ಪಿದೆ. ಗಲ್ಲ?"

"ಯಾವ ಗಲ್ಲ?"

"ಆಕಿ ಗೋಡಿಗೆ ಹತ್ತಿ ನಿಂತಾಗ ಗೋಡಿ ಕಡೀ ಗಲ್ಲಕ್ಕ ಹಸರು ಬೀಳತದ. ಕಿಟಕಿ ಕಡೀ ಗಲ್ಲಕ್ಕ ಇಲ್ಲ. ಗಿಡ ಇರೂದು ಕಿಟಕಿ ಹೊರಗ. ಗಿಡದ ಹಸರಾಗಿದ್ರ ಈ ಕಡೀ ಗಲ್ಲಕ್ಕ ಬೀಳಬೇಕಿತ್ತು."

ವಿವೇಕಾನಂದ ಒಂದು ಟ್ರಕ್ಕನ್ನು ಹಿಂದೆ ಹಾಕಿದ.

"ಅದಿರಲಿ, ನಮ್ಮ ಪ್ರೇರಣಾ ವೈನಿ ಗಲ್ಲ ಯಾವಾಗ ನೋಡಿದ್ದಿ?"

ಸುಮಂತ ನಕ್ಕ. ನಿಜವಾಗಿ ಯೋಚಿಸಿದ. ಕೋಟನೂರಿನ ಮನೆಯಿಂದ ಹೊರಡುವಾಗ ಹೆಂಡತಿ ಪ್ರೇರಣಾ ಬಾಗಿಲಿಗೆ ಬಂದಿದ್ದಳು. ಅವಳ ಹಿಂದೆ ಹೊಸ ಪರದೆ ಇತ್ತು, ಸಾಸಿವೆ ಹೂವಿನ ಬಣ್ಣ, ಬೆಳಕಿಗೆ ಸ್ವಲ್ಪ ಜಾಸ್ತಿಯೇ. ಪರದೆ ಸ್ಪಷ್ಟವಾಗಿ ನೆನಪಾಯಿತು.

ಕಮಲಾಪುರದಲ್ಲಿ ಆ ವಾಡೆ, ಹಳೆಯ ದೊಡ್ಡ ಮನೆ, ಹುಡುಕುವುದು ಕಷ್ಟವಾಗಲಿಲ್ಲ. 'ಶೂಟಿಂಗ್ ಮನಿ' ಅಂದರೆ ಎಲ್ಲರಿಗೂ ಗೊತ್ತು. ಒಡತಿ ಶಾರದಾಬಾಯಿ ಅಂಗಳದಲ್ಲಿ ಕೆಂಪು ಬಾಳೆಗೊನೆಗಳನ್ನು ಹುಲ್ಲಿನ ಮೇಲೆ ಒಟ್ಟುತ್ತಿದ್ದರು. ಬಂದ ಕಾರಣ ಕೇಳಿ ಅವರಿಗೆ ಸಿಟ್ಟೇ ಬಂತು.

"ಆ ಮಂದಿ ಹೆಸರು ತಗೀಬ್ಯಾಡ್ರಿ. ನಮ್ಮೂರು ಕೆಂಪು ಬಾಳಿಹಣ್ಣಿಗೆ ಹೆಸರಾದದ್ದು. ನಮ್ಮ ಗೊನಿ ಎಲ್ಲಾ ಹಿತ್ತಲಕ ಹಾಕಿಸಿ, ಪ್ಯಾಟಿಂದ ಹಳದಿ ಬಾಳಿಹಣ್ಣು ತಂದು ತೂಗಬಿಟ್ರು! ನನ್ನ ಮನ್ಯಾಗ!"

"ಯಾಕಂತ ಕೇಳಲಿಲ್ರಿ?"

"ಕೇಳಿದ್ನೆಪಾ. ಆ ಸೆಟ್ ಮಾಡೂ ಬಾಯಿ ಅಂದಳು, ಕೆಂಪಿದ್ರ ಕಣ್ಣು ಅಲ್ಲೇ ಓಡತಾವ, ಕೆಂಪು ಒಮ್ಮೇ ಬರಬೇಕು ಅಂತ. ಆಮ್ಯಾಲ ಆ ಗಡ್ಡದಾವ ಕೂತು ಒಂದ ಒಂದು ಕೆಂಪು ಹಣ್ಣು ಸುಲದು ತಿಂದ. ಹದಿನಾಕು ಸಲ ತಿನಿಸಿದ್ರು ಅವಂಗ!"

ಸುಮಂತನಿಗೆ ಗೊತ್ತಿತ್ತು ಆ ದೃಶ್ಯ. ಐದನೆಯ ಕಂತು. ಆ ಹಣ್ಣಿನ ಬಗ್ಗೆ ಅವನು ಎರಡು ಪುಟ ಬರೆದಿಟ್ಟಿದ್ದ, ನಗುತ್ತಾರೆಂದು ಓದಿರಲಿಲ್ಲ.

ಶಾರದಾಬಾಯಿ ಕರೆಸಿದ ಮೇಲೆ ಬೀಗದ ಕೈ ಹಿಡಿದು ಲಾಲ್ ಅಹ್ಮದ್ ಬಂದ. ಅರವತ್ತು ದಾಟಿದ ಬಣ್ಣದ ಮಿಸ್ತ್ರಿ. ಉಗುರು ಸಂದಿಯಲ್ಲಿ ಸುಣ್ಣ ಖಾಯಂ ಆಗಿ ಕೂತಿತ್ತು. ಧಾರಾವಾಹಿಯ ಗೋಡೆಗಳೆಲ್ಲ ಅವನ ಕೈಯವೇ.

ಕೋಣೆ ತೆರೆದಾಗ ಕಿಟಕಿಗೆ ಹಲಗೆ ಹೊಡೆದಿತ್ತು. ಒಳಗೆ ಗೋಣಿಚೀಲಗಳು. ಆ ಮಂಕಿನಲ್ಲಿ ಗೋಡೆಗೆ ಯಾವ ಬಣ್ಣವೂ ಇರಲಿಲ್ಲ.

ವಿವೇಕಾನಂದ ಸುಮಂತನ ಹೆಗಲ ಮೇಲೆ ಕೈಯಿಟ್ಟ. ಆ ಕೈಯಲ್ಲಿ ಕರುಣೆಯಿತ್ತು. ಅದನ್ನು ತಡೆಯುವುದು ನಗೆಗಿಂತ ಕಷ್ಟವಾಯಿತು ಸುಮಂತನಿಗೆ.

"ಮಿಸ್ತ್ರಿ, ಈ ಗೋಡೀಗೆ ಎಷ್ಟು ಸಲ ಬಣ್ಣ ಹಚ್ಚಿದ್ರಿ?"

ಕೇಳಿದ ಮೇಲೆ ಅವನಿಗೆ ಓಡಿಹೋಗಬೇಕೆನ್ನಿಸಿತು.

ಲಾಲ್ ಅಹ್ಮದ್ ಅವನನ್ನೇ ನೋಡಿದ. "ಅರೆ ಸಾಬ್, ಇದನ್ನ ಕೇಳಿದಾವರು ಈತನಕ ಯಾರೂ ಇಲ್ಲ." ಬಾಗಿಲು ಮುಚ್ಚಿ, ಮೊಬೈಲಿನ ಬೆಳಕನ್ನು ಬಾಗಿಲ ಹಿಂದಿದ್ದ ಗೋಡೆಗೆ ಹಿಡಿದ. "ನೋಡ್ರಿ ಇಲ್ಲಿ."

ಅಂಗೈಯಗಲದ ಮೂರು ತುಂಡು, ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಬಿಳಿ. ನೀಲಿ. ಹಸಿರು.

"ನಮ್ಮ ಅಬ್ಬಾ ಕಲಿಸಿದ್ದು. ಹೊಸಾ ಕೋಟು ಹಚ್ಚೂವಾಗ ಬಾಗಲ ಹಿಂದ ಅಂಗೈಯಷ್ಟು ಹಳೇದು ಬಿಡೂದು. ನಾಳೆ ಮಾಲಕ ಮೊದಲಿನ ಬಣ್ಣಾನೇ ಬೇಕಂದ್ರ ಕೂಡಿಸಲಾಕ ನಮೂನಿ ಬೇಕಲ್ಲ? ಬಾಗಲ ತಗದಿದ್ರ ಯಾರಿಗೂ ಕಾಣಸೂದಿಲ್ಲ. ಕ್ಯಾಮರಾಕ್ಕೂ ಕಂಡಿಲ್ಲ."

ವಿವೇಕಾನಂದ ಬಗ್ಗಿ, ಬೇಳೆ ಪರೀಕ್ಷಿಸುವ ಕಣ್ಣಿನಿಂದ ನೋಡಿದ. ಉಗುರಿನಿಂದ ಕೆರೆದ. "ಖರೇ ಅದ," ಅಂದ ಮೆಲ್ಲಗೆ.

"ನೀಲಿ ಮ್ಯಾಲ ಹಸರು ಯಾಕ್ರಿ ಮಿಸ್ತ್ರಿ?" ಸುಮಂತ ಗೋಡೆ ನೋಡುತ್ತಲೇ ಕೇಳಿದ.

"ಸೆಟ್ ಮೇಡಂ ಹುಕುಂ. ಗಂಡ ಇದ್ದಾಗ ನೀಲಿ, ಬಂದಾತ ಇದ್ದಾಗ ಹಸರು. ಹನ್ನೊಂದು ನಮೂನಿ ಕೂಡಿಸಿ ತೋರಿಸೀನಿ. ಒಂದೊಂದು ನಮೂನಿಗೂ ಸೀರಿ ಹಿಡೀತಿದ್ರು, ಬಿಳಿ ಬಸಿ ಇಡತಿದ್ರು, ಕ್ಯಾಮರಾದಾಗ ನೋಡತಿದ್ರು. ಇದು ಹೆಚ್ಚಾತು, ಮಂದಿಗೆ ಗೊತ್ತಾಗತದ, ಅಂತ ಬಿಡತಿದ್ರು. ಕಂಡೂ ಕಾಣಬಾರದು, ಮನೀಗೆ ಹೋದ ಮ್ಯಾಲ ಚುಚ್ಚಬೇಕು ಅಂತಿದ್ರು. ಆಮ್ಯಾಲ ಉಪ್ಪುಕಾಗದ ಹಾಕಿ ತಿಕ್ಕಿ, ಕೈ ಮುಟ್ಟೂ ಎತ್ತರಕ್ಕ ಎಣ್ಣಿ ಜಿಡ್ಡು ಹಚ್ಚಿ, ಗೂಡಿನ ಮ್ಯಾಲ ದೀಪದ ಕಾಡಿಗಿ ಹಿಡಿಸಿ, ಹಳೇದು ಮಾಡಿದ್ವಿ. ಆ ಗಡ್ಡದಾವಗ ಸುದ್ದಾ ಹೇಳಿರಲಿಲ್ಲ, ತಾ ಗಂಡ ಅಲ್ಲ ಅಂತ."

"ಕಲರಿಸ್ಟಿಗೆ?"

"ಅವ ಯಾರು? ಇಲ್ಲಿಗೆ ಬಂದೇ ಇಲ್ಲ."

ಸುಮಂತ ನಕ್ಕ. ಮೂರು ವಾರದಲ್ಲಿ ಮೊದಲ ಸಲ ನಗು ಹೊಟ್ಟೆಯಿಂದ ಬಂತು. ವಿವೇಕಾನಂದ ಅವನ ಬೆನ್ನಿಗೆ ಗುದ್ದಿದ. "ಲೇ ಭೌತಶಾಸ್ತ್ರ! ಗಲ್ಲ ನೋಡಿ ಗೋಡಿ ಹೇಳಿದೆಲ್ಲಲೇ! ಇನ್ನ ವರ್ಷದ ಮಟ ಭಜಿ ನಂದು." ಆಗಲೇ ಗೆಳೆಯರಿಗೆ ಫೋನು ಹಚ್ಚಿದ್ದ. ಸೂಪರ್ ಮಾರ್ಕೆಟ್ಟಿನ ಒಬ್ಬೊಬ್ಬರ ದನಿಯೂ ಕೋಣೆಯೊಳಗೆ ಬಂತು: ಶಾಬಾಶ್ ಸರ್, ನಾವು ಕುರುಡ ಇದ್ವಿ ಸರ್, ಬಂದು ಮಾತಾಡ್ರಿ ಸರ್. ಲಾಲ್ ಅಹ್ಮದ್ ಚೀಲಗಳನ್ನು ಹೊರಗಿಟ್ಟು ಕಿಟಕಿಯ ಹಲಗೆ ಕಿತ್ತ. ಬೆಳಕು ಬಿತ್ತು. ಗೋಡೆಗೆ ಗೋಡೆಯೇ ಹಸಿರಾಗಿ ನಿಂತಿತು, ಅವನು ಹೇಳಿದ್ದ ಹಸಿರು, ಕೂದಲೆಳೆಯಷ್ಟು, ಅವನ ತಲೆಯ ಹೊರಗೆ.

ಶಾರದಾಬಾಯಿ ಚಹಾ ತಂದರು. ಗೋಡೆ ನೋಡಿ, "ಇದು ಹಸರಾ? ಎರಡು ವರ್ಷ ಚೀಲ ಒಟ್ಟೀನಿ, ಗೊತ್ತೇ ಆಗಿಲ್ಲ ನೋಡ್ರಿ!" ಅಂದರು. ಅದಕ್ಕಿಂತ ದೊಡ್ಡ ಬಹುಮಾನ ಅವನಿಗೆ ಬೇಕಿರಲಿಲ್ಲ.

ಪ್ರೇರಣಾಗೆ ಫೋನು ಮಾಡಿದ.

"ನಾ ಹೇಳಿದ್ದ ಖರೇ ಆತು. ಗೋಡಿ ಹಸರೇ ಅದ."

"ಹೌದ್ರಿ? ಛಲೋ ಆತು."

"ಮೂರು ಬಣ್ಣ ಸಿಕ್ಕಾವ. ಬಾಗಲ ಹಿಂದ."

"ಹ್ಞೂಂ." ಆ ಕಡೆ ನಲ್ಲಿಯ ಸದ್ದು. "ಊಟಕ್ಕ ಬರತೀರೇನು?"

"ಗೊತ್ತಿಲ್ಲ."

ಫೋನು ಇಟ್ಟ. ಇನ್ನೇನೋ ಹೇಳುವುದಿತ್ತು ಅನ್ನಿಸಿತು, ಅವಳಿಗೋ ತನಗೋ ತಿಳಿಯಲಿಲ್ಲ. ಗೋಡೆಯ ಕಡೆ ತಿರುಗಿದ. ಅದು ಇತ್ತು.

"ಕ್ಯಾಮರಾಕ್ಕ ತನ್ನಷ್ಟಕ್ಕ ತಿಳಿಯೂದಿಲ್ರಿ ಸಾಬ್," ಲಾಲ್ ಅಹ್ಮದ್ ಚಹಾ ಹೀರುತ್ತ ಹೇಳುತ್ತಿದ್ದ. "ದಿನಾ ಮುಂಜಾನಿ ಬೂದಿ ಬಣ್ಣದ ಒಂದು ರಟ್ಟು ಹಿಡದು ತೋರಸತಿದ್ರು. ಇದಕ್ಕ ಬಣ್ಣ ಇಲ್ಲ, ಇದನ್ನ ನೋಡಿ ಉಳದದ್ದು ತಿಳಕೋ ಅಂತ. ಬಿಟ್ರ ಅದು ಗೋಡೀನೇ ಬಿಳಿ ಅಂತ ತಿಳಕೋತದ."

"ಎಲ್ಲಾರೂ ಫೋಟೋ ಕೇಳಾಕತ್ತಾರ," ಅಂದ ವಿವೇಕಾನಂದ. "ನಿಲ್ಲು ಗೋಡೀಗೆ. ಆ ಬಂದಾತ ನಿಂತಿದ್ದನಲ್ಲ, ಹಂಗ."

ಸುಮಂತ ನಿಂತ. ಎಷ್ಟೋ ಸಲ ನಿಲ್ಲಿಸಿ ನೋಡಿದ ಚೌಕಟ್ಟು. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಬೇಕಿರಲಿಲ್ಲ. ಎಡಗಲ್ಲದ ಮೇಲೆ ಗೋಡೆಯ ಹಸಿರು ಬೀಳುತ್ತಿರಬೇಕು. ಅವನಿಗೆ ಹೆಮ್ಮೆಯೆನಿಸಿತು. ಮೊಬೈಲು ಟಕ್ ಎಂದಿತು.

ಹೋಗಿ ನೋಡಿದ. ಮೊಬೈಲಿನ ಪರದೆಯ ತುಂಬ ಗೋಡೆ. ಬೆಳ್ಳಗಿತ್ತು, ಸುಣ್ಣ ಹೊಡೆದ ಆಸ್ಪತ್ರೆಯ ಹಾಗೆ. ಗೋಡೆಯೇ ಬಿಳಿ ಅಂದುಕೊಂಡು ಫೋನು ಹಸಿರನ್ನೆಲ್ಲ ತೆಗೆದಿತ್ತು. ತೆಗೆದ ಹಸಿರಿಗೆ ಎದುರಾದ ಬಣ್ಣ ಮುಖಕ್ಕೆ ಏರಿತ್ತು. ಸುಲಿದ ಬಾಳೆಸಿಪ್ಪೆಯ ಕೆಂಪು. ಯಾರದೋ ಮುಖ.

"ಕಳಸಬ್ಯಾಡ," ಅಂದ.

"ಕಳಿಸಿಬಿಟ್ಟೆ. ಯಾಕ, ಛಲೋನೇ ಬಂದಿಯಲ್ಲ."

ಚೀಲ ಮತ್ತೆ ಒಳಗೆ ತರಲೆಂದು ಲಾಲ್ ಅಹ್ಮದ್ ಬಾಗಿಲನ್ನು ಗೋಡೆಯತನಕ ತಳ್ಳಿದ. ಮೂರು ಬಣ್ಣ ಅದರ ಹಿಂದೆ ಹೋದವು. ವಿವೇಕಾನಂದನ ಕೈಯಲ್ಲಿ ಫೋನು ಟಿಂಗ್ ಟಿಂಗ್ ಎನ್ನತೊಡಗಿತು, ಬಿಡದೆ, ಚಪ್ಪಾಳೆಯ ಹಾಗೆ. ಅದರ ಪುಟ್ಟ ಬೆಳಕಿನಲ್ಲಿ ಆ ಕೆಂಪು ಮುಖದವನು, ಬಂದಾತನ ಜಾಗದಲ್ಲಿ, ಬಿಳಿ ಗೋಡೆಗೆ ಒರಗಿ ನಗುತ್ತಲೇ ಇದ್ದ.